ಮೂರನೇ ಇನ್ನೂರು ಮೀಟರ್

ನಮ್ಮ ಹೈಸ್ಕೂಲ್ ಮಕ್ಕಳಿಗೆ 800 ಮೀಟರ್ ಹೇಳಿಕೊಡುವಾಗ ನಾನು ಅದನ್ನು ನಾಲ್ಕು ಇನ್ನೂರುಗಳಾಗಿ ನೋಡುತ್ತೇನೆ. ಪ್ರತಿ 200ಕ್ಕೂ ಸ್ಟಾಪ್‌ವಾಚ್ ಒತ್ತಿ ಸಮಯ ಬರೆದುಕೊಂಡರೆ, ಓಟ ಎಲ್ಲಿ ಕೈತಪ್ಪಿತು ಅನ್ನೋದು ಹಾಳೆಯಲ್ಲೇ ಸಿಗುತ್ತದೆ.

ಒಂಬತ್ತನೇ ಕ್ಲಾಸಿನ ಹುಡುಗನೊಬ್ಬನ ಹಾಳೆ ಹೀಗಿತ್ತು: 29, 34, 42, 41. ಒಟ್ಟು 2 ನಿಮಿಷ 26 ಸೆಕೆಂಡ್. ಗನ್ ಸದ್ದಿಗೆ ಎಲ್ಲರೂ ಬಿದ್ದೂಬಿದ್ದು ಓಡುತ್ತಾರೆ, ಇವನೂ ಓಡಿದ್ದ. "ಸಾರ್, ಕೊನೇಲಿ ದಮ್ಮು ಸಾಲ್ಲಿಲ್ಲ" ಎಂದ. ಹಾಳೆ ಬೇರೆಯೇ ಹೇಳುತ್ತಿತ್ತು: ಕೊನೆಗೆ ಬರುವ ಮುಂಚೆ, 400 ದಾಟಿದ ಕೂಡಲೇ ಅವನು ಕುಸಿದಿದ್ದ.

ಅವನಿಗೆ ಹಾಕಿಕೊಟ್ಟ ಲೆಕ್ಕ 33, 35, 37, 35, ಅಂದರೆ 2:20. ಮೊದಲ 200ರಲ್ಲಿ ಕಾಲು ತಾಜಾ ಇರುವುದರಿಂದ 33 ಸುಲಭ ಅನ್ನಿಸಬೇಕು, ಅನ್ನಿಸದಿದ್ದರೆ ಲೆಕ್ಕವೇ ತಪ್ಪು. ಕಷ್ಟ ಇರುವುದು ಮೂರನೆಯದರಲ್ಲಿ. ಅಷ್ಟೇ ಶ್ರಮ ಹಾಕುತ್ತಿದ್ದೇನೆ ಅಂತ ಹುಡುಗನಿಗೆ ಅನಿಸುತ್ತದೆ, ವೇಗ ಮಾತ್ರ ಇಳಿಯುತ್ತಿರುತ್ತದೆ. ಅಲ್ಲಿ ಶ್ರಮ ಹೆಚ್ಚಿಸಿದರಷ್ಟೇ 37 ಉಳಿಯುತ್ತದೆ.

ಇದನ್ನು ಮೈಗೆ ಕಲಿಸಲು ಎರಡು ಅಭ್ಯಾಸ. ಒಂದು, ವಾಚ್ ನೋಡದೆ 200 ಓಡಿ, ನಾನು ಹೇಳುವ ಮೊದಲೇ ತನ್ನ ಸಮಯವನ್ನು ಊಹಿಸಬೇಕು. ಮೊದಮೊದಲು ಮೂರು ನಾಲ್ಕು ಸೆಕೆಂಡ್ ತಪ್ಪುತ್ತಾರೆ; ಒಂದು ಸೆಕೆಂಡಿನೊಳಗೆ ಬರುವವರೆಗೂ ಬಿಡುವುದಿಲ್ಲ. ಇನ್ನೊಂದು, ವಾರಕ್ಕೊಮ್ಮೆ ರೇಸ್ ವೇಗದಲ್ಲಿ 600. ಅದರಲ್ಲಿ 400ರ ಗುರುತಿನ ಹತ್ತಿರ ನಾನು ಸೀಟಿ ಊದುತ್ತೇನೆ, ಅಲ್ಲಿಂದ ಕೈ ಜೋರಾಗಿ ಬೀಸಬೇಕು. ಒಂದು ಸಲ ಸಾಕು, ಮತ್ತೆ ಓಡಿಸಿದರೆ ಆ ವೇಗ ಬರುವುದಿಲ್ಲ.

ತಂತ್ರದ ವಿಷಯದಲ್ಲಿ ನನ್ನ ಹಟ ಒಂದೇ: ತಿರುವಿನಲ್ಲಿ ಯಾರನ್ನೂ ಹಿಂದೆ ಹಾಕಬೇಡ. 1.22 ಮೀಟರ್ ಅಗಲದ ಎರಡನೇ ಲೇನಿನಲ್ಲಿ ಒಂದು ತಿರುವು ಪೂರ್ತಿ ಓಡಿದರೆ ಸುಮಾರು 3.8 ಮೀಟರ್ ಹೆಚ್ಚಾಗುತ್ತದೆ. 400 ಮೀಟರ್ ಟ್ರ್ಯಾಕಿನಲ್ಲಿ ಇಡೀ 800ಕ್ಕೆ ನಾಲ್ಕೇ ತಿರುವು. ನಮ್ಮಂಥ ಸುಣ್ಣದ ಗೆರೆಯ 200 ಮೀಟರ್ ಮೈದಾನದಲ್ಲಿ ಎಂಟು, ಹಾಗಾಗಿ ಇಲ್ಲಿ ದಂಡ ದುಪ್ಪಟ್ಟು.

ಹಾಗಂತ ಒಳಗೆರೆಗೇ ಅಂಟಿಕೊಂಡರೆ ಪಕ್ಕಕ್ಕೊಬ್ಬ ಬಂದು ದಾರಿ ಮುಚ್ಚುತ್ತಾನೆ. ಅದಕ್ಕೇ ಮುಂದಿನವನ ಬಲಭುಜದ ಹಿಂದೆ ಅರ್ಧ ಹೆಜ್ಜೆ ಹೊರಗಿರು ಎನ್ನುತ್ತೇನೆ. ನೇರ ದಾರಿ ಬಂದಾಗ ಹೊರಬಿದ್ದು, ಮುಂದಿನ ತಿರುವಿಗೆ ಮೊದಲೇ ಪೂರ್ತಿ ದಾಟಿಬಿಡಬೇಕು.

1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಡೇವ್ ವಾಟಲ್ ಎಲ್ಲರ ಹಿಂದಿನಿಂದ ಬಂದು ಗೆದ್ದದ್ದನ್ನು ಮಕ್ಕಳಿಗೆ ತೋರಿಸುತ್ತೇನೆ. ಕೊನೆಯಲ್ಲಿ ಹಾರಿದ ಹಾಗೆ ಕಾಣುತ್ತದೆ. ಅವನ ನಾಲ್ಕೂ ಇನ್ನೂರುಗಳು ಹೆಚ್ಚುಕಡಿಮೆ ಒಂದೇ ಸಮ, 26 ಸೆಕೆಂಡಿನ ಆಸುಪಾಸು; ಉಳಿದವರು ನಿಧಾನವಾದರು, ಅಷ್ಟೇ.

ನಮ್ಮ ಹುಡುಗ ಮುಂದಿನ ಕೂಟದಲ್ಲಿ 32, 35, 37, 35 ಓಡಿದ. ಮೊದಲ ಸುತ್ತಿನಲ್ಲಿ ಆರನೆಯವನಾಗಿದ್ದ, ಮುಗಿಸಿದ್ದು ಎರಡನೆಯವನಾಗಿ.