ಹಲಸಿನ ಮೇಜಿನ ಅಡಿಯ ಚಾರ್ಜಿಂಗ್ ಪ್ಯಾಡ್: ಬಿಸಿಯನ್ನು ಇಳಿಸಿದ ನನ್ನ ಅನುಭವ

ಗೋಕರ್ಣದ ಒಂದು ಹೋಮ್‌ಸ್ಟೇಗೆ ಆರು ಮೇಜುಗಳಲ್ಲಿ ವೈರ್‌ಲೆಸ್ ಚಾರ್ಜಿಂಗ್ ಪ್ಯಾಡ್ ಹುದುಗಿಸಿ ಕೊಡುವ ಕೆಲಸವನ್ನು ನಾನು ಒಪ್ಪಿಕೊಂಡಾಗ, ಕಾರವಾರದ ನಮ್ಮ ರಿಪೇರಿ ಅಂಗಡಿಗಳ ಗೆಳೆಯರಲ್ಲಿ ಹೆಚ್ಚಿನವರು ಇದು ನಡೆಯದ ಕೆಲಸವೆಂದೇ ಹೇಳಿದ್ದರು. ಮರದ ಮೂಲಕ ಚಾರ್ಜ್ ಮಾಡಿದರೆ ಫೋನು ಬಿಸಿಯಾಗುತ್ತದೆ, ಮೇ ತಿಂಗಳಲ್ಲಂತೂ ಚಾರ್ಜಿಂಗ್ ನಿಂತೇ ಹೋಗುತ್ತದೆ ಎಂಬುದು ಅವರ ವಾದವಾಗಿತ್ತು. ಈಗ ಎರಡು ಬೇಸಿಗೆಗಳು ಕಳೆದಿವೆ, ಆರೂ ಮೇಜುಗಳು ಕೆಲಸ ಮಾಡುತ್ತಿವೆ. ಬಿಸಿಗೆ ಮರಕ್ಕಿಂತ ಹೆಚ್ಚಾಗಿ ಪ್ಯಾಡಿನ ಮತ್ತು ಫೋನಿನ ಒಳಗಿನ ಕಾಯಿಲ್‌ಗಳ ಸ್ಥಾನವೇ ಕಾರಣವೆಂಬುದನ್ನು ಅಳತೆಯಿಂದಲೇ ತೋರಿಸಬಹುದು.

ಮೊದಲ ಸುತ್ತಿನಲ್ಲಿ ಐನೂರು ರೂಪಾಯಿ ಆಸುಪಾಸಿನ ಪ್ಯಾಡ್‌ಗಳನ್ನು ಕವಚ ಸಮೇತ ಮೇಜಿನ ಅಡಿಗೆ ಅಂಟಿಸಿದ್ದೆವು. ಫೋನು ಇಟ್ಟ ಅರ್ಧ ಗಂಟೆಯಲ್ಲಿ ಬ್ಯಾಟರಿಯ ಉಷ್ಣತೆ 42 ಡಿಗ್ರಿ ದಾಟುತ್ತಿತ್ತು. ಆ ಹೊತ್ತಿಗೆ ಫೋನು ತಾನಾಗಿಯೇ ಕರೆಂಟ್ ತಗ್ಗಿಸುತ್ತಿತ್ತು. ಮಾಲೀಕರ ಒತ್ತಾಯಕ್ಕೆ ಸಾವಿರದ ಐನೂರರ 'ಫಾಸ್ಟ್' ಪ್ಯಾಡ್‌ಗಳನ್ನೂ ತರಿಸಿದೆವು, ಬಿಸಿ ಇನ್ನೂ ಏರಿತು. ಈ ಎರಡು ಸುತ್ತಿಗೇ ಹತ್ತು ಸಾವಿರದ ಹತ್ತಿರ ಹೋಗಿತ್ತು. ಆಗ ನಾನು ಫೋನನ್ನು ಬದಿಗಿಟ್ಟೆ. ಅದು ಬ್ಯಾಟರಿಯ ಸ್ಥಿತಿಗೆ ತಕ್ಕಂತೆ ಕರೆಂಟ್ ಬದಲಿಸುತ್ತಲೇ ಇರುವುದರಿಂದ ಅದನ್ನಿಟ್ಟುಕೊಂಡು ಅಳೆದ ಲೆಕ್ಕ ನಿಲ್ಲುವುದಿಲ್ಲ. ಅದರ ಬದಲು ಫೋನಿನ ಹಿಂಭಾಗಕ್ಕೆ ಅಂಟಿಸುವ ಅಗ್ಗದ ರಿಸೀವರ್ ಪಟ್ಟಿಯೊಂದಕ್ಕೆ 6.8 ಓಮ್‌ನ ಹತ್ತು ವ್ಯಾಟ್ ರೆಸಿಸ್ಟರ್ ಜೋಡಿಸಿ, ಪ್ಯಾಡಿನ ಇನ್‌ಪುಟ್‌ಗೆ ಯುಎಸ್‌ಬಿ ಮೀಟರ್ ಹಾಕಿದೆ. ಐದು ವೋಲ್ಟ್ ಸ್ಥಿರವಾಗಿರುವಷ್ಟು ಕಾಲ ರೆಸಿಸ್ಟರ್‌ಗೆ ಸೇರುವುದು ಸುಮಾರು 3.7 ವ್ಯಾಟ್, ಮೀಟರ್ ಅದಕ್ಕಿಂತ ಎಷ್ಟು ಹೆಚ್ಚು ತೋರಿಸುತ್ತದೋ ಅಷ್ಟೂ ಬಿಸಿ.

ನೆನಪಿನಿಂದ ಹೇಳುವುದಾದರೆ, ಎರಡೂ ಕಾಯಿಲ್‌ಗಳ ನಡುಬಿಂದು ಒಂದರ ಮೇಲೊಂದು ಬಂದಾಗ ಇನ್‌ಪುಟ್ 5.4 ವ್ಯಾಟ್ ಇತ್ತು, ಅಂದರೆ 1.7 ವ್ಯಾಟ್ ಪೋಲು. ನಾಲ್ಕೈದು ಮಿಲಿಮೀಟರ್ ಸರಿಸಿದರೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎಂಟೊಂಬತ್ತು ಮಿಲಿಮೀಟರ್ ಸರಿಸಿದಾಗ ಇನ್‌ಪುಟ್ ಏಳೂವರೆ ವ್ಯಾಟ್ ದಾಟಿತು; ರೆಸಿಸ್ಟರ್‌ಗೆ ಸೇರುತ್ತಿದ್ದದ್ದು ಅಷ್ಟೇ, ಪೋಲು ಮಾತ್ರ ಎರಡು ಪಟ್ಟಿಗಿಂತ ಹೆಚ್ಚಾಯಿತು. ಹನ್ನೆರಡು ಮಿಲಿಮೀಟರ್ ದಾಟಿದ ಮೇಲೆ ರಿಸೀವರ್ ಆರಿ ಆರಿ ಹತ್ತತೊಡಗಿತು.

ಕಾರಣ ಇಷ್ಟೇ. ರಿಸೀವರ್ ತನಗೆ ಬೇಕಾದ ವೋಲ್ಟೇಜ್ ಸಿಗದಿದ್ದರೆ ಇನ್ನೂ ಬೇಕೆಂದು ಪ್ಯಾಡಿಗೆ ಸಂಕೇತ ಕಳಿಸುತ್ತಲೇ ಇರುತ್ತದೆ. ಕಾಯಿಲ್ ಸರಿದಿದೆ ಎಂಬುದು ಪ್ಯಾಡಿಗೆ ತಿಳಿಯದು; ಇಂಥ ಪ್ಯಾಡ್‌ಗಳಲ್ಲಿ ಅದು ಆವರ್ತನವನ್ನು ನೂರು ಕಿಲೋಹರ್ಟ್ಸ್ ಸುತ್ತಮುತ್ತಲಿನ ರೆಸೊನೆನ್ಸ್ ಕಡೆಗೆ ಇಳಿಸಿ ತನ್ನ ಕಾಯಿಲ್‌ನಲ್ಲಿ ಕರೆಂಟ್ ಹೆಚ್ಚಿಸುತ್ತದೆ. ಕಾಯಿಲ್‌ನ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಕರೆಂಟ್ ಒಂದೂವರೆ ಪಟ್ಟಾದರೆ ತಂತಿಯ ಬಿಸಿ ಎರಡು ಪಟ್ಟು ದಾಟುತ್ತದೆ. ಇದು ಪ್ಯಾಡಿನ ಕಡೆಯ ಮಾತು. ಫೋನಿನ ಕಡೆ, ರಿಸೀವರ್‌ನ ಫೆರೈಟ್ ಹಾಳೆಯನ್ನು ತಪ್ಪಿಸಿಕೊಂಡ ಕಾಂತಕ್ಷೇತ್ರ ಬ್ಯಾಟರಿಯ ಹೊದಿಕೆಗೂ ಕ್ಯಾಮೆರಾದ ಸುತ್ತಲಿನ ಲೋಹಕ್ಕೂ ಬಡಿದು ಅಲ್ಲಿ ಸುಳಿ ಕರೆಂಟ್ ಹುಟ್ಟಿಸುತ್ತದೆ. ಹೀಗಾಗಿ ಪ್ಯಾಡನ್ನು ತಂಪಾಗಿಡಲು ಕೆಳಗೆ ಕಂಪ್ಯೂಟರಿನ ಫ್ಯಾನ್ ಕಟ್ಟಿ ನೋಡಿದಾಗಲೂ ಫೋನಿನ ಬಿಸಿ ಒಂದು ಡಿಗ್ರಿಯಷ್ಟೂ ಇಳಿಯಲಿಲ್ಲ.

ಅಂಕೋಲೆಯ ಆಚಾರಿಯವರಿಂದ ಮೇಜಿನ ಅಡಿಯಲ್ಲಿ ಗುಳಿ ಕೊರೆಸಿ ಮೇಲೆ ಮೂರು ಮಿಲಿಮೀಟರ್ ಹಲಗೆಯನ್ನಷ್ಟೇ ಉಳಿಸಿದೆವು. ಪ್ಯಾಡಿನ ಪ್ಲಾಸ್ಟಿಕ್ ಕವಚ ತೆಗೆದು ಕಾಯಿಲನ್ನು ನೇರವಾಗಿ ಮರಕ್ಕೆ ತಾಗಿಸಿದೆವು. ಕಾಯಿಲ್‌ನ ನಡು ಹಲಗೆಯ ಮೇಲೆ ಎಲ್ಲಿ ಬರುತ್ತದೆಂದು ತಿಳಿಯಲು, ತೆಳು ತಂತಿಯ ಇಪ್ಪತ್ತು ಸುತ್ತಿನ ಸಣ್ಣ ಕಾಯಿಲ್‌ಗೆ ಎಲ್‌ಇಡಿ ಬೆಸೆದು ಮೇಲೆ ಆಡಿಸಿದರೆ ಸಾಕು. ಫೋನು ಇಲ್ಲದಾಗಲೂ ಪ್ಯಾಡು ಆಗಾಗ ಹುಡುಕುವ ಮಿಡಿತ ಕಳಿಸುತ್ತದೆ, ಆಗ ಎಲ್‌ಇಡಿ ಮಿನುಗುತ್ತದೆ. 'ವೈರ್ ಸಿಕ್ಕಿಸಿದ್ರೆ ಮುಗಿಯೋ ಕೆಲ್ಸಕ್ಕೆ ಇಷ್ಟೆಲ್ಲ ಯಾಕ್ರೀ' ಎಂದು ಆಚಾರಿಯವರು ನಕ್ಕರೂ ಗುಳಿಯನ್ನು ಮಾತ್ರ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ತೆಗೆದರು.

ಫೋನನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದೇ ಉಳಿದ ಕಷ್ಟ. ಮೊದಲು ಅಯಸ್ಕಾಂತದ ದಾರಿ ಹಿಡಿದೆ. 2020ರ ಐಫೋನ್ 12ರಿಂದ ಬಂದ ಉಂಗುರವನ್ನು 2023ರ ಕ್ಯೂಐ2 ಮಾನದಂಡವೂ ತೆಗೆದುಕೊಂಡಿದೆ, ಅಂಥ ಫೋನುಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಉಳಿದವರ ಕವರಿಗೆ ಅಂಟಿಸಲು ಉಕ್ಕಿನ ತಗಡಿನಿಂದ ಉಂಗುರ ಕತ್ತರಿಸಿದಾಗ ಮಾತ್ರ ಉಂಗುರವೇ ಕಾದು ಕೈ ಇಡಲಾಗದಂತಾಯಿತು. ಕಾಯಿಲ್‌ನ ಸುತ್ತ ಮುಚ್ಚಿದ ಲೋಹದ ಉಂಗುರವೆಂದರೆ ಶಾರ್ಟ್ ಆದ ಒಂದು ಸುತ್ತು. ಗರಗಸದಿಂದ ಒಂದು ಕಡೆ ಸೀಳಿದ ಮೇಲೆ ಬಿಸಿ ಬಹಳ ಇಳಿಯಿತು. ಆದರೂ ಅತಿಥಿಗಳೆಲ್ಲರ ಕವರಿಗೆ ಉಂಗುರ ಅಂಟಿಸಲು ಆಗದೆ ಆ ದಾರಿಯನ್ನು ಬಿಟ್ಟೆ.

ಕೊನೆಗೆ ಕೆಲಸಕ್ಕೆ ಬಂದದ್ದು ಮರಗೆಲಸವೇ. ಹೆಚ್ಚಿನ ಫೋನುಗಳಲ್ಲಿ ಕಾಯಿಲ್ ಅಗಲದ ನಡುಗೆರೆಯ ಮೇಲೆಯೇ ಇರುತ್ತದೆ, ಬದಲಾಗುವುದು ಉದ್ದದಲ್ಲಿ. ಅದಕ್ಕಾಗಿ ಹಲಗೆಯ ಮೇಲೆ ಎಂಟು ಸೆಂಟಿಮೀಟರ್ ಅಗಲದ ತೆಳುವಾದ ತೋಡು ತೆಗೆಸಿದೆ. ಏಳು ಸೆಂಟಿಮೀಟರಿಗಿಂತ ಅಗಲವಾದ ಫೋನು ಅದರೊಳಗೆ ಯಾವ ಬದಿಗೆ ಒತ್ತಿಕೊಂಡರೂ ನಡುಗೆರೆ ಐದು ಮಿಲಿಮೀಟರ್ ದಾಟಿ ಸರಿಯದು, ಅಷ್ಟನ್ನು ಕಾಯಿಲ್ ಸಹಿಸುತ್ತದೆ. ಉದ್ದದ ದಿಕ್ಕಿಗೆ ಜಾರುವ ಒಂದು ಮರದ ತಡೆ ಇದೆ. ಅದನ್ನು ಮೆಲ್ಲನೆ ಸರಿಸುತ್ತ ಇನ್‌ಪುಟ್ ಅತಿ ಕಡಿಮೆಯಾದಲ್ಲಿ ನಿಲ್ಲಿಸಬೇಕು. ಮೀಟರಿನಲ್ಲಿ ಹೆಚ್ಚು ವ್ಯಾಟ್ ಕಂಡರೆ ಬೇಗ ಚಾರ್ಜ್ ಆಗುತ್ತಿದೆಯೆಂದು ನಮ್ಮವರೇ ನಂಬಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಆ ಕಡಿಮೆ ಬಿಂದುವಿನಲ್ಲಿ ಹಸಿರು ದೀಪ ಹತ್ತುವಂತೆ ನಾನು ಕಟ್ಟಿದ ಸಣ್ಣ ಸರ್ಕ್ಯೂಟನ್ನು ಇಲ್ಲಿ ಕೊಡುವುದಿಲ್ಲ, ಹೊಟ್ಟೆಪಾಡಿನ ವಿಷಯ. ಬ್ಯಾಟರಿ ಎಂಬತ್ತು ಶೇಕಡಾ ದಾಟಿದ ಮೇಲೆ ಫೋನೇ ಕರೆಂಟ್ ಇಳಿಸುವುದರಿಂದ ಆ ದೀಪವನ್ನು ಆಗ ನಂಬಬಾರದು. ಮೂವತ್ತರಿಂದ ಅರವತ್ತರೊಳಗೆ ನೋಡಬೇಕು.

ಪರೀಕ್ಷಿಸುವವರು ಆಂಡ್ರಾಯ್ಡ್ ಫೋನಿನ ವೈಫೈ ಡೀಬಗಿಂಗ್ ತೆರೆದು, ಅದನ್ನು ವೈಫೈ ಮೂಲಕವೇ ಕಂಪ್ಯೂಟರಿಗೆ ಜೋಡಿಸಿ, ಕಂಪ್ಯೂಟರಿನಿಂದ ಈ ಆಜ್ಞೆ ಕೊಡಿ. ಕೇಬಲ್ ಚುಚ್ಚಿದರೆ ಫೋನು ತಂತಿಯಿಂದಲೇ ಚಾರ್ಜ್ ಆಗಿ ಅಳತೆ ಕೆಡುತ್ತದೆ.

```
adb shell dumpsys battery
```

ಅದರಲ್ಲಿ `temperature: 374` ಎಂದರೆ 37.4 ಡಿಗ್ರಿ. ಕಳೆದ ಮೇ ತಿಂಗಳಲ್ಲಿ ಕೋಣೆಯಲ್ಲಿ 32 ಡಿಗ್ರಿ ಇದ್ದಾಗ, ತಡೆಯನ್ನು ಸರಿಯಾಗಿ ನಿಲ್ಲಿಸಿದ ಮೇಜಿನಲ್ಲಿ ನನಗೆ ಸಿಕ್ಕಿದ್ದು ಹೆಚ್ಚುಕಡಿಮೆ ಅಷ್ಟೇ.

ವಿದ್ಯುತ್ ಬಿಲ್ಲಿನ ಉಳಿತಾಯವೆಂದು ಇದನ್ನು ಮಾರಲು ಹೋಗಬೇಡಿ. ಎರಡು ವ್ಯಾಟ್ ಚಿಲ್ಲರೆ ಪೋಲನ್ನು ದಿನಕ್ಕೆ ಮೂರು ಗಂಟೆಯಂತೆ ವರ್ಷವಿಡೀ ಲೆಕ್ಕ ಹಾಕಿದರೂ ಎರಡೂವರೆ ಯೂನಿಟ್ ಆಗುವುದಿಲ್ಲ. ಗಿರಾಕಿ ಹಣ ಕೊಡುವುದು ಫೋನು ಕಾಯದಿರುವುದಕ್ಕೆ ಮತ್ತು ಚಾರ್ಜಿಂಗ್ ನಡುವೆ ನಿಲ್ಲದಿರುವುದಕ್ಕೆ. ಮೇಜೊಂದಕ್ಕೆ ನನಗೆ ಮರಗೆಲಸ ಸೇರಿ ಸಾವಿರದ ಇನ್ನೂರರಷ್ಟು ಬೀಳುತ್ತದೆ, ಎರಡು ಸಾವಿರ ತೆಗೆದುಕೊಳ್ಳುತ್ತೇನೆ. ಕಾರಿನ ಹೋಲ್ಡರಿಗಾಗಿ ಫೋನಿನ ಹಿಂದೆ ಕಬ್ಬಿಣದ ತಗಡು ಅಂಟಿಸಿಕೊಂಡವರಿಗೆ ಈ ಮೇಜು ಕೆಲಸಕ್ಕೆ ಬಾರದು. ತಗಡು ಕಾಯುತ್ತದೆ, ಇಲ್ಲವೇ ಪ್ಯಾಡು ಲೋಹವಿದೆಯೆಂದು ಗುರುತಿಸಿ ನಿಂತುಬಿಡುತ್ತದೆ. ಅವರಿಗಾಗಿ ಮೇಜಿನ ಬದಿಯಲ್ಲಿ ಒಂದು ಯುಎಸ್‌ಬಿ ಸಾಕೆಟ್ ಇಟ್ಟಿದ್ದೇನೆ.