ಚಕ್ರಬಡ್ಡಿಯ ವಿಡಿಯೊ: 640 ರೂಪಾಯಿಯಿಂದ 10 ಲಕ್ಷದವರೆಗೆ ಒಂದೇ ಉದಾಹರಣೆ

ದಾವಣಗೆರೆಯಲ್ಲಿ ಕೂತು ಕನ್ನಡದಲ್ಲಿ ಹಣಕಾಸಿನ ವಿಡಿಯೊ ಮಾಡುತ್ತೇನೆ. ಚಕ್ರಬಡ್ಡಿಯ ಸ್ಕ್ರಿಪ್ಟ್ ಬರೆಯಲು ಕೂತಾಗ ಮೊದಲು ತೀರ್ಮಾನಿಸಿದ್ದು ಒಂದು ವಿಷಯ. ಉದಾಹರಣೆ ಒಂದೇ ಇರಬೇಕು, ಅದೇ ಕೊನೆಯವರೆಗೂ ನಡೆಯಬೇಕು. ನಡುವೆ ಪಿಪಿಎಫ್, ಆರ್‌ಡಿ, ಮ್ಯೂಚುವಲ್ ಫಂಡ್ ಅಂತ ಹೊಸ ಹೊಸ ಲೆಕ್ಕ ತಂದರೆ, ನೋಡುವವರು ಪ್ರತಿ ಸಲವೂ ಅಂಕಿಗಳನ್ನು ಹೊಸದಾಗಿ ನೆನಪಿಟ್ಟುಕೊಳ್ಳಬೇಕಾಗುತ್ತದೆ. ಆ ಶ್ರಮದಲ್ಲಿ ಚಕ್ರಬಡ್ಡಿಯೇ ಮರೆತುಹೋಗುತ್ತದೆ.

ಉದಾಹರಣೆಗೆ ಶಾಂತಮ್ಮ ಅನ್ನೋ ಪಾತ್ರವನ್ನು ಮಾಡಿಕೊಂಡೆ. ಹೊನ್ನಾಳಿ ಕಡೆಯ ರೈತ ಮಹಿಳೆ, ವಯಸ್ಸು 30. ಮೆಕ್ಕೆಜೋಳ ಮಾರಿ, ಖರ್ಚೆಲ್ಲ ಕಳೆದು ಕೈಯಲ್ಲಿ ಉಳಿದ 1,00,000 ರೂಪಾಯಿಯನ್ನು ಎಫ್‌ಡಿ ಇಡುತ್ತಾಳೆ. ಬಡ್ಡಿ ವರ್ಷಕ್ಕೆ ಶೇಕಡ 8. ಅವಳಿಗೆ 60 ವರ್ಷ ಆಗುವವರೆಗೆ ಹಣ ಮುಟ್ಟುವುದಿಲ್ಲ. ಒಂದು ಲಕ್ಷ ಯಾಕೆ ಅಂದರೆ ಲೆಕ್ಕ ಬಾಯಲ್ಲೇ ಆಗುತ್ತದೆ. ಎಂಟು ಯಾಕೆ ಅಂದರೆ ಮುಂದೆ ಒಂದು ಕಡೆ ಅದು ಚೆನ್ನಾಗಿ ಕೂಡಿಬರುತ್ತದೆ, ಅದನ್ನು ಆಮೇಲೆ ಹೇಳುತ್ತೇನೆ.

ಬರೆದ ಸ್ಕ್ರಿಪ್ಟನ್ನು ಮೊದಲು ಓದಿ ಹೇಳಿದ್ದು ನಮ್ಮ ಭಾವನಿಗೆ. ಅವರು ಗೊಬ್ಬರದ ಅಂಗಡಿ ಇಟ್ಟುಕೊಂಡವರು, ದಿನವೂ ಬಡ್ಡಿ ಲೆಕ್ಕ ನೋಡುವವರು. ಎರಡನೇ ಸಾಲಿಗೇ ತಡೆದರು. "ಎಂಟು ಅಂದ್ರೆ ತಿಂಗಳಿಗೇನಪ್ಪಾ? ಅಷ್ಟು ಯಾರ್ ಕೊಡ್ತಾರೆ?" ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಕಡೆ ಕೈಸಾಲದ ಬಡ್ಡಿಯನ್ನು "ನೂರಕ್ಕೆ ಎರಡು ರೂಪಾಯಿ" ಅಂತ ಹೇಳುತ್ತೇವೆ, ಅದು ತಿಂಗಳ ಲೆಕ್ಕ. ಬ್ಯಾಂಕಿನವರು ಎಂಟು ಅಂದರೆ ಅದು ಇಡೀ ವರ್ಷದ ಲೆಕ್ಕ. ಹಾಗಾಗಿ "ವರ್ಷಕ್ಕೆ ನೂರಕ್ಕೆ ಎಂಟು, ಅಂದರೆ ತಿಂಗಳಿಗೆ ನೂರಕ್ಕೆ 67 ಪೈಸೆಯಷ್ಟು" ಅಂತ ಸೇರಿಸಿದೆ. ಈ ಒಂದು ವಾಕ್ಯ ಇಲ್ಲದಿದ್ದರೆ ಅರ್ಧ ಜನ ಬೇರೆಯೇ ಲೆಕ್ಕ ಹಾಕಿಕೊಂಡು ಕೂರುತ್ತಾರೆ.

ಈಗ ಮೊದಲ ಮೂರು ವರ್ಷ. ಇಲ್ಲಿ ನಾನು ಗ್ರಾಫ್ ಇಡಲಿಲ್ಲ, ಪಾಸ್‌ಬುಕ್‌ನ ಪುಟದ ಹಾಗೆ ಸಾಲು ಸಾಲಾಗಿ ತೋರಿಸಿದೆ. ಮೊದಲ ವರ್ಷದ ಬಡ್ಡಿ 8,000, ಒಟ್ಟು 1,08,000. ಎರಡನೇ ವರ್ಷದ ಬಡ್ಡಿ 8,640. ಇಲ್ಲಿ ವಿಡಿಯೊವನ್ನು ನಿಲ್ಲಿಸಿ, 8,640 ಅನ್ನು ಪರದೆಯ ಮೇಲೇ ಎರಡು ತುಂಡು ಮಾಡುತ್ತೇನೆ: 8,000 ಮತ್ತು 640. ಎಂಟು ಸಾವಿರ ಅಸಲಿನ ಬಡ್ಡಿ, ಕಳೆದ ವರ್ಷದಷ್ಟೇ. ಈ 640 ಎಲ್ಲಿಂದ ಬಂತು? ಕಳೆದ ವರ್ಷ ಬಂದ 8,000ಕ್ಕೆ ಶೇಕಡ 8 ಹಾಕಿ, 640 ಸಿಗುತ್ತದೆ. ಚಕ್ರಬಡ್ಡಿ ಅಂದರೆ ಈ 640 ಮಾತ್ರ. ಮಿಕ್ಕಿದ್ದೆಲ್ಲ ಸರಳ ಬಡ್ಡಿಯಲ್ಲೂ ಸಿಗುತ್ತಿತ್ತು. ಮೂರನೇ ವರ್ಷದ ಕೊನೆಗೆ ಒಟ್ಟು 1,25,971. ಇಲ್ಲಿ ಮಾತ್ರ ಸೂತ್ರ ತಂದೆ, ಅದೂ `1,00,000 × 1.08 × 1.08 × 1.08` ಅಂತ ಬಿಡಿಸಿಯೇ. ಘಾತದ ಅಂಕಿ ಮೇಲೆ ಹತ್ತಿದ್ದು ಆಮೇಲೆ.

ಮೊದಲೇ ಗ್ರಾಫ್ ಯಾಕೆ ಇಡಲಿಲ್ಲ ಅಂದರೆ, 30 ವರ್ಷದ ಗ್ರಾಫ್‌ಗೆ ನಿಂತ ಅಕ್ಷ 11 ಲಕ್ಷದವರೆಗೆ ಹೋಗಬೇಕು. ಪರದೆಯಲ್ಲಿ ಅದಕ್ಕೆ ಸಿಗುವ ಎತ್ತರ ಸುಮಾರು 800 ಪಿಕ್ಸೆಲ್. ಅದರಲ್ಲಿ 640 ರೂಪಾಯಿ ಅಂದರೆ ಅರ್ಧ ಪಿಕ್ಸೆಲ್ಲೂ ಆಗುವುದಿಲ್ಲ. ಕಣ್ಣಿಗೆ ಕಾಣುವುದೇ ಇಲ್ಲ! ಅಕ್ಷವನ್ನು 1 ಲಕ್ಷದಿಂದ ಶುರು ಮಾಡಿ 1.3 ಲಕ್ಷಕ್ಕೇ ನಿಲ್ಲಿಸಿದರೆ ಕಾಣುತ್ತದೆ, ಆದರೆ ಆಗ ಸಣ್ಣ ವ್ಯತ್ಯಾಸವೂ ಭಾರಿ ಅನ್ನಿಸಿ ಜನರಿಗೆ ತಪ್ಪು ಚಿತ್ರ ಕೊಟ್ಟಂತಾಗುತ್ತದೆ. ವರ್ಷ ಹೋದ ಹಾಗೆ ಅಕ್ಷವನ್ನು ಹಿಗ್ಗಿಸುತ್ತಾ ಹೋಗುವುದೂ ನನಗೆ ಒಪ್ಪಿಗೆಯಾಗಲಿಲ್ಲ. ಹಾಗೆ ಮಾಡಿದರೆ ಹಿಂದಿನ ವರ್ಷಗಳು ಕುಗ್ಗುತ್ತಾ ಹೋಗುತ್ತವೆ, ಏನು ಬೆಳೆಯುತ್ತಿದೆ, ಏನು ಕುಗ್ಗುತ್ತಿದೆ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಸಣ್ಣ ಅಂಕಿಗಳಿಗೆ ಪಾಸ್‌ಬುಕ್, ದೊಡ್ಡವಕ್ಕೆ ಕದಲದ ಅಕ್ಷದ ಗ್ರಾಫ್.

ಗ್ರಾಫ್‌ಗೆ ಗೆರೆ ಬಿಟ್ಟು ಕಂಬಗಳನ್ನು ಆರಿಸಿಕೊಂಡೆ. ಬಡ್ಡಿ ವರ್ಷಕ್ಕೊಮ್ಮೆ ಜಮಾ ಆಗುತ್ತದೆ ಅಂತ ಹೇಳಿ, ನಯವಾದ ಬಾಗು ಗೆರೆ ಎಳೆದರೆ ಮಾತಿಗೂ ಚಿತ್ರಕ್ಕೂ ತಾಳೆಯಾಗುವುದಿಲ್ಲ, ಅಲ್ವಾ? ಪ್ರತಿ ಕಂಬದಲ್ಲೂ ಮೂರು ಪದರ. ಕೆಳಗೆ ಅಸಲು, ಅದರ ಮೇಲೆ ಅಸಲಿನ ಬಡ್ಡಿ, ತುದಿಯಲ್ಲಿ ಬಡ್ಡಿಯ ಮೇಲಿನ ಬಡ್ಡಿ. ಕಂದು, ಹಸಿರು, ಹಳದಿ. ಕೆಂಪು ಎಲ್ಲೂ ಬಳಸಲಿಲ್ಲ, ಹಣದ ಲೆಕ್ಕದಲ್ಲಿ ಕೆಂಪು ಕಂಡರೆ ಜನ ನಷ್ಟ ಅಂದುಕೊಳ್ಳುತ್ತಾರೆ. ಮೂರು ಪದರದ ಅಂಕಿಗಳನ್ನು ಪೈಥಾನ್‌ನಲ್ಲಿ ಹೀಗೆ ತೆಗೆದೆ:

```python
P, r = 100000, 0.08
for t in range(31):
    ottu = P * (1 + r) ** t
    asalina_baddi = P * r * t
    baddiya_baddi = ottu - P - asalina_baddi
    print(t, round(ottu), round(asalina_baddi), round(baddiya_baddi))
```

ಈ ಪಟ್ಟಿಯನ್ನು ಓದುವಾಗಲೇ ಸ್ಕ್ರಿಪ್ಟ್‌ನ ನಡುಭಾಗ ಸಿಕ್ಕಿತು. ಒಂಬತ್ತನೇ ವರ್ಷಕ್ಕೆ ಒಟ್ಟು 1,99,900, ಎರಡು ಲಕ್ಷಕ್ಕೆ ನೂರೇ ರೂಪಾಯಿ ಕಡಿಮೆ. 72 ಅನ್ನು ಬಡ್ಡಿ ದರದಿಂದ ಭಾಗಿಸಿದರೆ ಹಣ ದುಪ್ಪಟ್ಟಾಗುವ ವರ್ಷ ಸಿಗುತ್ತದೆ ಅನ್ನೋ ಲೆಕ್ಕ ಇದೆಯಲ್ಲ, ಅದು ಇಲ್ಲಿ ಸರಿಯಾಗಿ ಕೂರುತ್ತದೆ: 72 ಭಾಗಿಸು 8, ಒಂಬತ್ತು. ಎಂಟನ್ನು ಆರಿಸಿಕೊಂಡಿದ್ದು ಇದಕ್ಕೇ. ಹತ್ತನೇ ವರ್ಷ ಹಳದಿ ಪದರ 35,892, ಅಸಲಿನ ಬಡ್ಡಿ 80,000. ಇನ್ನೂ ಅರ್ಧಕ್ಕಿಂತ ಕಡಿಮೆ. ಹದಿನೇಳನೇ ವರ್ಷ ಹಸಿರು 1,36,000, ಹಳದಿ 1,34,002. ಹದಿನೆಂಟನೇ ವರ್ಷ ಹಸಿರು 1,44,000, ಹಳದಿ 1,55,602. ಅಲ್ಲಿ ದಾಟಿತು. ಮೂವತ್ತನೇ ವರ್ಷ ಒಟ್ಟು 10,06,266. ಅದರಲ್ಲಿ ಅಸಲು 1 ಲಕ್ಷ, ಅಸಲಿನ ಬಡ್ಡಿ 2,40,000. ಮಿಕ್ಕ 6,66,266 ಪೂರ್ತಿ ಹಳದಿ. 640 ರೂಪಾಯಿಯಾಗಿ ಶುರುವಾದ ಪದರ ಅದು. ಇದನ್ನು ಬಾಯಲ್ಲಿ ಎಷ್ಟು ವಿವರಿಸಿದರೂ ಸಾಲದು, ಹಳದಿ ಮೇಲೇಳುವುದನ್ನು ಕಣ್ಣಾರೆ ನೋಡಬೇಕು. ಹದಿನೆಂಟನೇ ಕಂಬದ ಹತ್ತಿರ ಮಾತು ನಿಲ್ಲಿಸಿ ಎರಡು ಸೆಕೆಂಡ್ ಸುಮ್ನೆ ಬಿಟ್ಟೆ.

ಅನಿಮೇಶನ್ ಮಾಡಿದ್ದು ಮ್ಯಾನಿಮ್ ಅನ್ನೋ ಪೈಥಾನ್ ಲೈಬ್ರರಿಯಲ್ಲಿ. ಇದರಲ್ಲಿ ಒಂದು ವಿಷಯ ತುಂಬಾ ಮುಖ್ಯ. ನಾವು ಏನೂ ಹೇಳದಿದ್ದರೆ ಮ್ಯಾನಿಮ್ ಚಲನೆಗೆ `smooth` ಅನ್ನೋ ವೇಗ ಹಾಕುತ್ತದೆ. ನಿಧಾನವಾಗಿ ಶುರುವಾಗಿ, ನಡುವೆ ಓಡಿ, ಕೊನೆಯಲ್ಲಿ ಮತ್ತೆ ನಿಧಾನ. ಬೇರೆ ಚಿತ್ರಕ್ಕೆ ಅದು ಚಂದ. ಆದರೆ ವರ್ಷಗಳನ್ನು ಸೊನ್ನೆಯಿಂದ ಮೂವತ್ತರವರೆಗೆ ಹೀಗೆ ಓಡಿಸಿದರೆ, ಹಣ ಜೋರಾಗಿ ಏರಬೇಕಾದ ಕೊನೆಯ ವರ್ಷಗಳೇ ತೆವಳುತ್ತವೆ. ಬೆಳವಣಿಗೆ ಸುಸ್ತಾದಂತೆ ಕಾಣುತ್ತದೆ. ನೋಡುವವರು ಎತ್ತರದ ಜೊತೆ ವೇಗವನ್ನೂ ಓದುತ್ತಾರೆ. ಅದಕ್ಕೇ `rate_func=linear` ಅಂತ ಬರೆಯಲೇಬೇಕು. ಒಂದು ವರ್ಷಕ್ಕೆ ಒಂದು ಸೆಕೆಂಡ್, ಪ್ರತಿ ಕಂಬಕ್ಕೂ ಅಷ್ಟೇ ಹೊತ್ತು.

ಕನ್ನಡ ಅಕ್ಷರಕ್ಕೆ ಮ್ಯಾನಿಮ್‌ನ `Text` ಸಾಕು, `font="Noto Sans Kannada"` ಕೊಟ್ಟರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಬರೆಯುವ ಹಾಗೆ ಮೂಡಿಸುವ `Write` ಮಾತ್ರ ಬೇಡ, ಅಕ್ಷರ ಒಂದು ಕಡೆ, ಒತ್ತು ಒಂದು ಕಡೆ ಬರುತ್ತವೆ. `FadeIn` ಒಳ್ಳೆಯದು. ಅಂಕಿಗಳಿಗೆ `DecimalNumber` ಬಳಸಿದರೆ ಅಲ್ಪವಿರಾಮ 1,006,266 ಅಂತ ಬೀಳುತ್ತದೆ. ನಮ್ಮವರು ಅದನ್ನು ಓದಲು ತಡವರಿಸುತ್ತಾರೆ. ಹತ್ತು ಲಕ್ಷ ಅಂತ ಕಣ್ಣಿಗೆ ಥಟ್ಟನೆ ಗೊತ್ತಾಗಬೇಕಾದರೆ 10,06,266 ಅಂತಲೇ ಇರಬೇಕು. ಅದಕ್ಕೆ ಚಿಕ್ಕ ಫಂಕ್ಷನ್ ಬರೆದುಕೊಂಡೆ, ಅಕ್ಷದ ಮೇಲೆ "2 ಲಕ್ಷ", "4 ಲಕ್ಷ" ಅಂತ ಅಕ್ಷರದಲ್ಲೇ ಹಾಕಿದೆ.

ಕಂಬಗಳು ಸಿದ್ಧವಾದ ಮೇಲೆ ಅವುಗಳಿಂದಲೇ ಇನ್ನೆರಡು ಮಾತು ಹೇಳಬಹುದು, ಹೊಸ ಗ್ರಾಫ್ ಬೇಡ. ಶಾಂತಮ್ಮ ಇದೇ ಹಣವನ್ನು ಹತ್ತು ವರ್ಷ ತಡವಾಗಿ ಇಟ್ಟಿದ್ದರೆ? ಬಲಗಡೆಯ ಹತ್ತು ಕಂಬ ಅಳಿಸುತ್ತೇನೆ. ಉಳಿಯುವುದು 4,66,096. ತಡ ಮಾಡಿದರೆ ಹೋಗುವುದು ಸಣ್ಣ ಬಡ್ಡಿಯ ಮೊದಲ ಹತ್ತು ವರ್ಷ ಅಂತ ಎಲ್ಲರಿಗೂ ಅನ್ನಿಸುತ್ತದೆ. ನಿಜಕ್ಕೂ ಹೋಗುವುದು ಕೊನೆಯ ಹತ್ತು, ಅಂದರೆ 5,40,170 ರೂಪಾಯಿ.

ಇನ್ನೊಂದು, ಬಡ್ಡಿಯನ್ನು ಆಗಾಗ ತೆಗೆದುಕೊಳ್ಳುವುದು. ಎಫ್‌ಡಿ ಅರ್ಜಿಯಲ್ಲಿ ಬಡ್ಡಿ ತಿಂಗಳಿಗೋ ಮೂರು ತಿಂಗಳಿಗೋ ಖಾತೆಗೆ ಬರಲಿ, ಅಥವಾ ಅವಧಿ ಮುಗಿದಾಗ ಅಸಲಿನ ಜೊತೆ ಬರಲಿ ಅಂತ ಆಯ್ಕೆ ಇರುತ್ತದೆ. ಮೊದಲನೆಯದಕ್ಕೆ ಗುರುತು ಹಾಕಿ ಆ ಹಣ ಖರ್ಚು ಮಾಡಿದರೆ, ಮೂವತ್ತೂ ಕಂಬದಿಂದ ಹಳದಿ ಪದರ ಒಟ್ಟಿಗೇ ಮಾಯ. ಮನೆ ಖರ್ಚಿಗೆ ಬೇಕಿದ್ದವರು ಹಾಗೆ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಅದು ಸರಳ ಬಡ್ಡಿ ಅಂತ ಗೊತ್ತಿರಬೇಕು.

ಇಷ್ಟು ತೋರಿಸಿ ಬಿಟ್ಟರೆ ವಿಡಿಯೊ ಅರ್ಧ ಸತ್ಯ. ಬ್ಯಾಂಕುಗಳು ಎಫ್‌ಡಿ ಬಡ್ಡಿಯನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಸೇರಿಸುತ್ತವೆ, ಹಾಗಾಗಿ ಮೊದಲ ವರ್ಷ 8,000 ಬದಲು 8,243 ಬರುತ್ತದೆ. ಇದು ಶಾಂತಮ್ಮನ ಪರ. ಉಳಿದವು ಅವಳಿಗೆ ವಿರುದ್ಧ. ಎಫ್‌ಡಿಯ ಅವಧಿ ಸಾಮಾನ್ಯವಾಗಿ ಹತ್ತು ವರ್ಷದೊಳಗೆ, ಅಂದರೆ 30 ವರ್ಷಕ್ಕೆ ಮತ್ತೆ ಮತ್ತೆ ಹೊಸದಾಗಿ ಇಡಬೇಕು, ಆಗಿನ ದರ ಏನಿರುತ್ತದೋ ಅದೇ ಸಿಗುತ್ತದೆ. ದರ 6 ಆಗಿದ್ದರೆ ಕೊನೆಗೆ ಬರುವುದು 5,74,349, ಹೆಚ್ಚುಕಡಿಮೆ ಅರ್ಧ. ಎರಡೇ ಅಂಶದ ವ್ಯತ್ಯಾಸ ಇಷ್ಟು ದೊಡ್ಡದಾಗುವುದೂ ಚಕ್ರಬಡ್ಡಿಯಿಂದಲೇ. ತೆರಿಗೆಯ ವಿಷಯ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಲೇಬೇಕು. ಮೆಕ್ಕೆಜೋಳ ಬೆಳೆದು ಮಾರಿದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಆದರೆ ಆ ಹಣದ ಎಫ್‌ಡಿ ಬಡ್ಡಿ ಕೃಷಿ ಆದಾಯ ಅಲ್ಲ. ಅದು ತೆರಿಗೆ ಲೆಕ್ಕಕ್ಕೆ ಸೇರುತ್ತದೆ.

ಕೊನೆಯದು ಬೆಲೆ ಏರಿಕೆ. ವರ್ಷಕ್ಕೆ ಶೇಕಡ 6 ಅಂತ ಇಟ್ಟುಕೊಂಡರೆ, 30 ವರ್ಷದ ನಂತರದ 10,06,266 ರೂಪಾಯಿಗೆ ಸಿಗುವ ಸಾಮಾನು ಇವತ್ತಿನ ಸುಮಾರು 1,75,000ಕ್ಕೆ ಸಿಗುವಷ್ಟೇ. ಇದನ್ನು ಮೂವತ್ತನೇ ಕಂಬದ ಪಕ್ಕದಲ್ಲೇ, ಅದೇ ಅಕ್ಷದ ಮೇಲೆ ಒಂದು ಬೂದು ಕಂಬವಾಗಿ ನಿಲ್ಲಿಸಿದೆ. ಭಾವ ಇದನ್ನು ತೆಗೆದುಬಿಡು ಅಂದರು. "ಇಷ್ಟೊತ್ತು ಆಸೆ ತೋರಿಸಿ ಈಗ ಇಳಿಸ್ತೀಯಲ್ಲಪ್ಪ." ನಾನು ತೆಗೆಯಲಿಲ್ಲ. ಹಣ ಕೊಳೆಯುವುದಿಲ್ಲ, ಹತ್ತು ಪಟ್ಟೂ ಆಗುವುದಿಲ್ಲ, ಎಪ್ಪತ್ತೈದು ಸಾವಿರದಷ್ಟು ನಿಜವಾಗಿ ಬೆಳೆಯುತ್ತದೆ, ತೆರಿಗೆ ಕಟ್ಟಿದರೆ ಅದೂ ಕಡಿಮೆ. ಈ ಉತ್ತರ ಗೊತ್ತಿದ್ದವರು ಮಾತ್ರ ಮುಂದೆ ಯಾರಾದರೂ "ಐದು ವರ್ಷಕ್ಕೆ ಹತ್ತು ಪಟ್ಟು" ಅಂದಾಗ ವರ್ಷಕ್ಕೆ ಎಷ್ಟು ದರ ಅಂತ ಕೇಳುತ್ತಾರೆ. ಆ ದರ ಶೇಕಡ 58ಕ್ಕೂ ಜಾಸ್ತಿ ಆಗುತ್ತದೆ ಅನ್ನೋ ಸಾಲನ್ನೂ ಬೂದು ಕಂಬದ ಕೆಳಗೆ ಸೇರಿಸಿ ವಿಡಿಯೊ ಮುಗಿಸಿದೆ.