ಊಟವಾದ ಎರಡು ಗಂಟೆಯ ನಂತರದ ಸಕ್ಕರೆ: ಪಿಸಿಒಎಸ್ ಚಿಕಿತ್ಸೆಯಲ್ಲಿ ನನ್ನ ಅನುಭವ

ದಾವಣಗೆರೆಯ ನನ್ನ ಸ್ತ್ರೀರೋಗ ಚಿಕಿತ್ಸಾಲಯಕ್ಕೆ ಪಿಸಿಒಎಸ್, ಅಂದರೆ ಹಾರ್ಮೋನುಗಳ ಏರುಪೇರಿನಿಂದ ಅಂಡೋತ್ಪತ್ತಿ ತಪ್ಪುವ ತೊಂದರೆ, ಎಂದು ಬರುವ ಹೆಣ್ಣುಮಕ್ಕಳ ಕೈಯಲ್ಲಿ ಬಹುಮಟ್ಟಿಗೆ ಒಂದು ಸ್ಕ್ಯಾನ್ ವರದಿ ಇರುತ್ತದೆ, ಮನಸ್ಸಿನಲ್ಲಿ ಅಂಡಾಶಯದಲ್ಲಿ ಗಡ್ಡೆಗಳಾಗಿವೆ ಎಂಬ ಭಯವಿರುತ್ತದೆ. ಸ್ಕ್ಯಾನ್‌ನಲ್ಲಿ ಕಾಣುವವು ಗಡ್ಡೆಗಳಲ್ಲ, ಅರ್ಧ ಬೆಳೆದು ನಿಂತುಹೋದ ಅಂಡಕೋಶಗಳು. ಅವುಗಳನ್ನು ತೆಗೆಸಬೇಕಾದ ಅಗತ್ಯವಿಲ್ಲ. ನಾನು ಆ ವರದಿಯನ್ನು ಬದಿಗಿಟ್ಟು ಮೊದಲು ಕೇಳುವುದು ಕಳೆದ ಒಂದು ವರ್ಷದ ಮುಟ್ಟಿನ ದಿನಾಂಕಗಳನ್ನು.

ನನ್ನ ಕ್ರಮವನ್ನು ಒಬ್ಬ ಯುವತಿಯ ಉದಾಹರಣೆಯೊಂದಿಗೆ ವಿವರಿಸುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಕೆಗೆ 26 ವರ್ಷ, ಶಾಲಾ ಶಿಕ್ಷಕಿ, ತಾಯಿಯೊಂದಿಗೆ ಬಂದಿದ್ದರು. ವರ್ಷದಲ್ಲಿ ಆರು ಸಲ ಮಾತ್ರ ಮುಟ್ಟಾಗಿತ್ತು. ಒಮ್ಮೆ ಮೂರು ತಿಂಗಳಿಗೂ ಹೆಚ್ಚು ಕಾಲ ನಿಂತು, ಆಮೇಲೆ ಹನ್ನೆರಡು ದಿನ ವಿಪರೀತ ರಕ್ತಸ್ರಾವವಾಗಿತ್ತು. ಗದ್ದದ ಕೆಳಗೆ ಮತ್ತು ಹೊಕ್ಕುಳಿನ ಕೆಳಭಾಗದಲ್ಲಿ ಒರಟು ಕೂದಲು ಬೆಳೆದಿತ್ತು. ದಪ್ಪವೆಂದು ಯಾರೂ ಹೇಳುವಂತಿರಲಿಲ್ಲ, ಆದರೆ ಸೊಂಟದ ಸುತ್ತಳತೆ 86 ಸೆಂಟಿಮೀಟರ್ ಇತ್ತು, ಕತ್ತಿನ ಹಿಂಭಾಗದ ಚರ್ಮ ಕಪ್ಪಾಗಿ ದಪ್ಪವಾಗಿತ್ತು. ನಮ್ಮ ದೇಶದ ಹೆಂಗಸರಲ್ಲಿ ಸೊಂಟ 80 ಸೆಂಟಿಮೀಟರ್ ದಾಟಿದರೆ ಹೊಟ್ಟೆಯ ಬೊಜ್ಜೆಂದು ಪರಿಗಣಿಸುತ್ತೇವೆ. ಕತ್ತಿನ ಆ ಕಪ್ಪು ಕೊಳೆಯಲ್ಲ, ಎಷ್ಟು ತಿಕ್ಕಿದರೂ ಹೋಗದು, ರಕ್ತದಲ್ಲಿ ಇನ್ಸುಲಿನ್ ಹೆಚ್ಚಿರುವುದರ ಗುರುತು ಅದು.

ಮೂರು ಲಕ್ಷಣಗಳಲ್ಲಿ ಎರಡಾದರೂ ಇದ್ದರೆ ಪಿಸಿಒಎಸ್ ಎನ್ನುತ್ತೇವೆ. ಅಂಡೋತ್ಪತ್ತಿ ಸರಿಯಾಗಿ ಆಗದೆ ಮುಟ್ಟು ಏರುಪೇರಾಗಿರುವುದು, ಗಂಡು ಹಾರ್ಮೋನು ರಕ್ತದಲ್ಲಾಗಲಿ ಮೈಮೇಲಾಗಲಿ ಹೆಚ್ಚಾಗಿ ಕಾಣುವುದು, ಸ್ಕ್ಯಾನ್‌ನಲ್ಲಿ ಅಂಡಾಶಯದ ತುಂಬ ಅರ್ಧ ಬೆಳೆದ ಅಂಡಕೋಶಗಳು ಕಾಣುವುದು. 2003ರಲ್ಲಿ ರೋಟರ್‌ಡ್ಯಾಮ್‌ನಲ್ಲಿ ಒಪ್ಪಿದ ಈ ಮಾನದಂಡದ ಪ್ರಕಾರ ಈಕೆಯಲ್ಲಿ ಮೊದಲೆರಡೂ ಇದ್ದುದರಿಂದ, ರೋಗನಿರ್ಣಯಕ್ಕೆ ಸ್ಕ್ಯಾನ್ ಬೇಕೇ ಇರಲಿಲ್ಲ. ಆದರೆ ಇದೇ ರೀತಿ ತೋರುವ ಬೇರೆ ಕಾರಣಗಳನ್ನು ತಳ್ಳಿಹಾಕದೆ ಹೆಸರಿಡಬಾರದು. ಗರ್ಭಿಣಿಯಲ್ಲವೆಂದು ಖಚಿತಪಡಿಸಿಕೊಂಡು, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಮತ್ತು ಅಡ್ರಿನಲ್ ಗ್ರಂಥಿಯ ಒಂದು ಆನುವಂಶಿಕ ದೋಷಕ್ಕಾಗಿ ಬೆಳಿಗ್ಗೆ ಮಾಡುವ ರಕ್ತಪರೀಕ್ಷೆಯನ್ನು ಮಾಡಿಸಿದೆ. ಮೂರೂ ಸಹಜವಾಗಿದ್ದವು. ಹದಿಹರೆಯದ ಹುಡುಗಿಯರಲ್ಲಿ ಮಾತ್ರ ನಾನು ಇನ್ನಷ್ಟು ನಿಧಾನಿಸುತ್ತೇನೆ. ಮೈನೆರೆದ ಮೊದಲ ವರ್ಷಗಳಲ್ಲಿ ಮುಟ್ಟು ತಪ್ಪುವುದೂ ಸ್ಕ್ಯಾನ್‌ನಲ್ಲಿ ಅನೇಕ ಅಂಡಕೋಶಗಳು ಕಾಣುವುದೂ ಸಹಜವಾಗಿರಬಹುದು.

ಈಕೆ ತಂದಿದ್ದ ಹಳೆಯ ವರದಿಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 94 ಇತ್ತು, ‘ಶುಗರ್ ಇಲ್ಲ’ ಎಂದು ಅವರಿಗೆ ತಿಳಿಸಲಾಗಿತ್ತು. ಇಷ್ಟಕ್ಕೇ ನಿಲ್ಲಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಪಿಸಿಒಎಸ್ ಇರುವ ಅನೇಕರಲ್ಲಿ ಸ್ನಾಯುಗಳು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ರಾತ್ರಿಯ ಉಪವಾಸದ ಹೊತ್ತಿನ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ. ಉಂಡ ಮೇಲೆ ಬರುವ ಸಕ್ಕರೆಯ ಹೊರೆಯನ್ನು ಸಾಗಿಸಬೇಕಾದಾಗ ಮಾತ್ರ ಅದರ ಸೋಲು ಬಯಲಾಗುತ್ತದೆ. ಹೆಚ್ಚಾದ ಅದೇ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ, ಆ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನನ್ನು ಯಕೃತ್ತು ಕಡಿಮೆ ತಯಾರಿಸುವಂತೆ ಮಾಡುತ್ತದೆ. ಹೀಗಾಗಿ ಗದ್ದದ ಕೂದಲು, ತಪ್ಪಿದ ಮುಟ್ಟು, ಏರುವ ಸಕ್ಕರೆ ಮೂರೂ ಒಂದೇ ಬೇರಿನವು.

ಆದ್ದರಿಂದ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಎರಡು ಗಂಟೆಯ ನಂತರ ರಕ್ತ ತೆಗೆಸಿದೆ. ಹಿಂದಿನ ದಿನಗಳಲ್ಲಿ ಅನ್ನ, ರೊಟ್ಟಿ ಬಿಡದೆ ಎಂದಿನಂತೆ ಉಂಡು, ರಾತ್ರಿಯೆಲ್ಲ ಉಪವಾಸವಿದ್ದು ಬರಬೇಕು, ಆ ಎರಡು ಗಂಟೆ ಓಡಾಡದೆ ಕುಳಿತಿರಬೇಕು. ಇಲ್ಲದಿದ್ದರೆ ಅಂಕಿ ನಂಬಲರ್ಹವಾಗುವುದಿಲ್ಲ. ಫಲಿತಾಂಶ 168 ಬಂತು. 140ರೊಳಗೆ ಇರಬೇಕಾದದ್ದು, 200 ಮುಟ್ಟಿದರೆ ಮಧುಮೇಹ. ಈಕೆ ನಡುವೆ ನಿಂತಿದ್ದರು, ಖಾಲಿ ಹೊಟ್ಟೆಯ ಸಂಖ್ಯೆ ಅದನ್ನು ಮುಚ್ಚಿಟ್ಟಿತ್ತು.

ತಾಯಿ ಕೇಳಿದರು: ‘ಮದ್ವೆ ಆದ್ಮೇಲೆ ತಾನಾಗೇ ಸರಿಹೋಗುತ್ತಂತಲ್ಲ ಡಾಕ್ಟ್ರೇ?’ ‘ಇಲ್ಲಮ್ಮ, ಮದುವೆಗೂ ಇದಕ್ಕೂ ಸಂಬಂಧವಿಲ್ಲ, ಮೊದಲು ಒಳಪದರವನ್ನು ಕಾಪಾಡೋಣ’ ಎಂದು ಸ್ಕ್ಯಾನ್ ವರದಿಯನ್ನು ಈಗ ತೆಗೆದು ತೋರಿಸಿದೆ. ಅಂಡೋತ್ಪತ್ತಿಯಾಗದಿದ್ದಾಗ ಪ್ರೊಜೆಸ್ಟರಾನ್ ಉಂಟಾಗುವುದಿಲ್ಲ, ಈಸ್ಟ್ರೋಜನ್ ಒಂದೇ ಗರ್ಭಕೋಶದ ಒಳಪದರವನ್ನು ಬೆಳೆಸುತ್ತಲೇ ಹೋಗುತ್ತದೆ. ಈಕೆಯಲ್ಲಿ ಅದು 13 ಮಿಲಿಮೀಟರ್ ದಪ್ಪವಾಗಿತ್ತು. ವರ್ಷಗಟ್ಟಲೆ ಹೀಗೇ ಬಿಟ್ಟರೆ ಒಳಪದರದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಪ್ರೊಜೆಸ್ಟರಾನ್‌ನಂತೆ ಕೆಲಸ ಮಾಡುವ ಮೆಡ್ರಾಕ್ಸಿಪ್ರೊಜೆಸ್ಟರಾನ್ 10 ಮಿಲಿಗ್ರಾಂ ಹತ್ತು ದಿನ ಕೊಟ್ಟೆ. ನಿಲ್ಲಿಸಿದ ನಾಲ್ಕನೆಯ ದಿನ ಮುಟ್ಟಾಯಿತು, ಮುಂದಿನ ಸ್ಕ್ಯಾನ್‌ನಲ್ಲಿ ಪದರ ತೆಳುವಾಗಿತ್ತು. ತಾನಾಗಿ ಮುಟ್ಟಾಗದೆ ಮೂರು ತಿಂಗಳು ಕಳೆಯಬಾರದೆಂಬುದು ನಾನು ಇಟ್ಟುಕೊಂಡಿರುವ ಗಡಿ.

ಮುಟ್ಟನ್ನು ಕ್ರಮಕ್ಕೆ ತರಲು, ಕೂದಲನ್ನು ತಗ್ಗಿಸಲು ಸಾಮಾನ್ಯವಾಗಿ ಮೊದಲು ಕೊಡುವುದು ಈಸ್ಟ್ರೋಜನ್ ಸೇರಿದ ಗರ್ಭನಿರೋಧಕ ಮಾತ್ರೆ. ಅದನ್ನು ಬರೆಯುವ ಮುನ್ನ ರಕ್ತದೊತ್ತಡ ನೋಡಿ, ತಲೆನೋವಿನ ಬಗ್ಗೆ ಕೇಳುವುದನ್ನು ನಾನು ತಪ್ಪಿಸುವುದಿಲ್ಲ. ತಲೆನೋವಿಗೆ ಮೊದಲು ಕಣ್ಣೆದುರು ಅಂಕುಡೊಂಕು ಬೆಳಕು ಮಿನುಗುತ್ತದೆ ಎಂದು ಈಕೆ ಹೇಳಿದರು. ಅಂತಹ ಮೈಗ್ರೇನ್ ಇರುವವರಿಗೆ ಈಸ್ಟ್ರೋಜನ್ ಮಾತ್ರೆಯಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದರಿಂದ ಆ ದಾರಿ ಮುಚ್ಚಿತು. ಬದಲಿಗೆ, ದೇಹ ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುವಂತೆ ಮಾಡುವ ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ರಾತ್ರಿಯ ಊಟದೊಂದಿಗೆ ಆರಂಭಿಸಿ, ಹೊಟ್ಟೆ ಹೊಂದಿಕೊಂಡಂತೆ ವಾರಗಳ ಅಂತರದಲ್ಲಿ 1,500ಕ್ಕೆ ಏರಿಸಿದೆ. ಮೊದಲೇ ಪೂರ್ಣ ಪ್ರಮಾಣ ಕೊಟ್ಟರೆ ಭೇದಿ, ವಾಕರಿಕೆಯಿಂದ ಬೇಸತ್ತು ಮಾತ್ರೆ ಬಿಟ್ಟುಬಿಡುವವರೇ ಹೆಚ್ಚು. ಊಟದ ವಿಷಯದಲ್ಲಿ ನಾನು ಹೇಳಿದ್ದು ಸ್ವಲ್ಪ: ಸಂಜೆಯ ಮಂಡಕ್ಕಿ ಮಿರ್ಚಿಯನ್ನು ವಾರಕ್ಕೊಮ್ಮೆಗೆ ಇಳಿಸಿ, ಅನ್ನ ತಗ್ಗಿಸಿ ಕಾಳಿನ ಪಲ್ಯ ಹೆಚ್ಚಿಸಿ, ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ನಡೆಯುವುದು. ಉಂಡ ಮೇಲಿನ ನಡಿಗೆ, ದಣಿದ ಸ್ನಾಯುಗಳು ಇನ್ಸುಲಿನ್ನಿನ ಹಂಗಿಲ್ಲದೆಯೂ ಸಕ್ಕರೆಯನ್ನು ಎಳೆದುಕೊಳ್ಳುವಂತೆ ಮಾಡುತ್ತದೆ.

ಆರು ತಿಂಗಳಲ್ಲಿ ಮುಟ್ಟಿನ ಅಂತರ ಸುಮಾರು ನಲವತ್ತು ದಿನಕ್ಕೆ ಬಂತು. ವರ್ಷದ ಕೊನೆಗೆ ಎರಡು ಗಂಟೆಯ ಸಕ್ಕರೆ 129 ಇತ್ತು, ತೂಕ ನಾಲ್ಕು ಕಿಲೋ ಇಳಿದಿತ್ತು. ಗದ್ದದ ಕೂದಲು ಮಾತ್ರ ಹೆಚ್ಚೇನೂ ಕಡಿಮೆಯಾಗಲಿಲ್ಲ. ಮೆಟ್‌ಫಾರ್ಮಿನ್ ಅದಕ್ಕೆ ದುರ್ಬಲ ಔಷಧಿ ಎಂದು ಮೊದಲೇ ತಿಳಿಸಿದ್ದೆ, ಅವರು ಲೇಸರ್ ಮಾಡಿಸಿಕೊಂಡರು.

ಎರಡು ವರ್ಷದ ನಂತರ ಮದುವೆಯಾಗಿ, ಗರ್ಭ ನಿಲ್ಲದೆ ಮರಳಿ ಬಂದಾಗ, ಗಂಡನ ವೀರ್ಯಪರೀಕ್ಷೆ ಸರಿಯಿದೆಯೆಂದು ನೋಡಿಕೊಂಡು, ಮುಟ್ಟಿನ ಎರಡನೆಯ ದಿನದಿಂದ ಐದು ದಿನ ಲೆಟ್ರೋಜೋಲ್ 2.5 ಮಿಲಿಗ್ರಾಂ ಕೊಟ್ಟೆ. ಬಂಜೆತನಕ್ಕೆ ಈ ಔಷಧಿಯ ಬಳಕೆಯನ್ನು ನಮ್ಮ ದೇಶದಲ್ಲಿ 2011ರಲ್ಲಿ ನಿಷೇಧಿಸಿ 2017ರಲ್ಲಿ ಮತ್ತೆ ಅನುಮತಿಸಲಾಯಿತು. ಇಂದು ಪಿಸಿಒಎಸ್‌ನಲ್ಲಿ ಅಂಡೋತ್ಪತ್ತಿಗೆ ಮೊದಲ ಆಯ್ಕೆ ಅದೇ. ಗರ್ಭ ನಿಂತ ಮೇಲೆ ಮೊದಲ ಭೇಟಿಯಲ್ಲೇ ಗ್ಲೂಕೋಸ್ ಕುಡಿಸಿ ಸಕ್ಕರೆ ಪರೀಕ್ಷಿಸಿದೆ, ಸಹಜವಾಗಿದ್ದರೂ 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ ಮಾಡಿಸಲು ದಿನಾಂಕ ಬರೆದುಕೊಟ್ಟೆ.